ಗ್ಯಾಸ್ ಬುಕಿಂಗ್ ಹೆಸರಲ್ಲಿ ಫೋನ್ ಬಂದರೆ: ನಮ್ಮ ನಿವಾಸಿಗಳಿಗೆ ಒಂದು ಪತ್ರ

ಎಲ್ಲಾ ಬ್ಲಾಕ್‌ಗಳ ನಿವಾಸಿಗಳಿಗೆ ನಮಸ್ಕಾರ,

ಕೆಲವು ದಿನಗಳಿಂದ ಲಿಫ್ಟ್‌ನಲ್ಲಿ, ಗೇಟಿನ ಬಳಿ, ಸಂಘದ ಕಚೇರಿಯಲ್ಲಿ ಸಿಕ್ಕವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ. "ಗ್ಯಾಸ್ ಏಜೆನ್ಸಿಯಿಂದ ಅಂತ ಫೋನ್ ಬಂತು, ಓಟಿಪಿ ಕೇಳಿದರು. ಸಿಲಿಂಡರ್ ತರುವವರಿಗೂ ಓಟಿಪಿ ಹೇಳಲೇಬೇಕಲ್ವಾ? ಯಾವುದು ನಿಜ, ಯಾವುದು ಮೋಸ ಅಂತ ಹೇಗೆ ಗೊತ್ತಾಗಬೇಕು?"

ಪ್ರಶ್ನೆ ನ್ಯಾಯವಾದದ್ದು. ಬ್ಯಾಂಕಿನವರು "ಓಟಿಪಿ ಯಾರಿಗೂ ಹೇಳಬೇಡಿ" ಅನ್ನುತ್ತಾರೆ. ಗ್ಯಾಸಿನವರು "ಓಟಿಪಿ ಹೇಳಿದರೆ ಮಾತ್ರ ಸಿಲಿಂಡರ್" ಅನ್ನುತ್ತಾರೆ. ಈ ಎರಡು ಮಾತುಗಳ ನಡುವಿನ ಗೊಂದಲದಲ್ಲೇ ಮೋಸಗಾರರು ಕೈ ಹಾಕುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಎಲ್ಲರಿಗೂ ಒಟ್ಟಿಗೆ ತಿಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಮನೆಯ ಹಿರಿಯರಿಗೆ ದಯವಿಟ್ಟು ಓದಿ ಹೇಳಿ.

ನಮ್ಮಲ್ಲೇ ನಡೆದದ್ದು

ಮೊದಲು ಒಂದು ಘಟನೆ ಹೇಳುತ್ತೇನೆ. ಆ ಮನೆಯವರ ಒಪ್ಪಿಗೆ ಪಡೆದಿದ್ದೇನೆ, ಹೆಸರು ಮತ್ತು ಫ್ಲಾಟ್ ನಂಬರ್ ಹೇಳುವುದಿಲ್ಲ.

ನಿವೃತ್ತ ಶಿಕ್ಷಕಿಯೊಬ್ಬರು ಮಂಗಳವಾರ ಸಿಲಿಂಡರ್ ಬುಕ್ ಮಾಡಿದ್ದರು. ಬುಧವಾರ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಫೋನ್ ಬಂತು. ಒಳ್ಳೆಯ ಕನ್ನಡ, ಮೆತ್ತಗಿನ ದನಿ. "ಮೇಡಂ, ಗ್ಯಾಸ್ ಏಜೆನ್ಸಿಯಿಂದ ಮಾತಾಡ್ತಿರೋದು. ನಿಮ್ಮ ಇಕೆವೈಸಿ ಬಾಕಿ ಇದೆ, ಅದಕ್ಕೆ ಬಿಲ್ ಆಗ್ತಿಲ್ಲ. ಇವತ್ತು ಮಾಡ್ದೇ ಇದ್ರೆ ಬುಕಿಂಗ್ ಕ್ಯಾನ್ಸಲ್ ಆಗುತ್ತೆ." ಕರೆ ಮಾಡಿದವನು ಅವರ ಹೆಸರನ್ನೂ ನಮ್ಮ ಅಪಾರ್ಟ್‌ಮೆಂಟಿನ ಹೆಸರನ್ನೂ ಸರಿಯಾಗಿ ಹೇಳಿದ್ದ. ನಿಜವಾಗಿಯೂ ಬುಕ್ ಮಾಡಿದ್ದರಲ್ಲ, ಹಾಗಾಗಿ ಅವರಿಗೆ ಅನುಮಾನವೇ ಬರಲಿಲ್ಲ.

ವಾಟ್ಸಾಪ್‌ನಲ್ಲಿ ಒಂದು ಫೈಲ್ ಬಂತು. ಮೇಲೆ ಗ್ಯಾಸ್ ಸಿಲಿಂಡರಿನ ಚಿತ್ರವಿತ್ತು. ಅದನ್ನು ಒತ್ತಿದಾಗ ಫೋನ್ ಎರಡು ಸಲ ಎಚ್ಚರಿಕೆ ಕೊಟ್ಟಿತು. "ಅದು ಮಾಮೂಲಿ ಮೇಡಂ, ಅಲೋ ಕೊಡಿ" ಎಂದ. ಒಳಗೆ ಗ್ಯಾಸ್ ಕಂಪನಿಯದೇ ಅನ್ನಿಸುವ ಪುಟ ತೆರೆಯಿತು. ಹತ್ತು ರೂಪಾಯಿ ಪರಿಶೀಲನೆ ಶುಲ್ಕ ಕಟ್ಟಲು ಡೆಬಿಟ್ ಕಾರ್ಡಿನ ವಿವರ ಕೇಳಿತು. ಅವರು ಹಾಕಿದರು. "ಆಯ್ತು ಮೇಡಂ, ಸಂಜೆ ಸಿಲಿಂಡರ್ ಬರುತ್ತೆ" ಎಂದು ಫೋನ್ ಇಟ್ಟ.

ಸುಮಾರು ಇಪ್ಪತ್ತು ನಿಮಿಷದಲ್ಲಿ ಖಾತೆಯಿಂದ ಎರಡು ಕಂತಿನಲ್ಲಿ ಹಣ ಹೋಯಿತು. ಅವರು ಯಾರಿಗೂ ಓಟಿಪಿ ಹೇಳಿರಲಿಲ್ಲ. "ನಾನು ಹೇಳಲೇ ಇಲ್ಲವಲ್ಲ, ಹೇಗೆ ಹೋಯ್ತು?" ಎಂದು ಇವತ್ತಿಗೂ ಕೇಳುತ್ತಾರೆ. ಅವರು ಹಾಕಿಕೊಂಡ ಆ್ಯಪ್ ಫೋನಿಗೆ ಬಂದ ಪ್ರತಿ ಎಸ್ಸೆಮ್ಮೆಸ್ಸನ್ನೂ ಓದಿ ಅವನಿಗೆ ಕಳಿಸುತ್ತಿತ್ತು. ಓಟಿಪಿ ಬಾಯಿಬಿಟ್ಟು ಹೇಳುವ ಅಗತ್ಯವೇ ಇರಲಿಲ್ಲ.

ಸೊಸೆ ಮನೆಯಲ್ಲೇ ಇದ್ದರು. ಬ್ಯಾಂಕಿನ ಆ್ಯಪ್‌ನಲ್ಲಿ ಬಾಕಿ ಹಣ ನೋಡಿದ ತಕ್ಷಣ ತಮ್ಮ ಫೋನಿನಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರು. ಎರಡನೇ ಕಂತಿನ ಹಣ ಇನ್ನೊಂದು ಖಾತೆಯಲ್ಲಿ ತಡೆಯಾಗಿ ನಿಂತಿದೆ. ಮೊದಲನೆಯದು ಅಷ್ಟರಲ್ಲಿ ಕೈಬಿಟ್ಟು ಹೋಗಿತ್ತು.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ್ದು

ನಿಮ್ಮ ಗ್ಯಾಸ್ ಪುಸ್ತಕ ಅಥವಾ ಕಳೆದ ಸಲ ಸಿಲಿಂಡರ್ ಜೊತೆ ಬಂದ ಬಿಲ್ಲು. ಕನೆಕ್ಷನ್‌ಗೆ ಜೋಡಿಸಿರುವ ಮೊಬೈಲ್. ಇಷ್ಟೇ. ಏಜೆನ್ಸಿಯ ನಂಬರ್, ಕಂಪನಿಯ ಬುಕಿಂಗ್ ನಂಬರ್, ನಿಮ್ಮ ಗ್ರಾಹಕ ಸಂಖ್ಯೆ ಎಲ್ಲವೂ ಆ ಪುಸ್ತಕ ಮತ್ತು ಬಿಲ್ಲಿನಲ್ಲೇ ಸಿಗುತ್ತವೆ. ಇವತ್ತೇ ಆ ನಂಬರ್‌ಗಳನ್ನು "ಗ್ಯಾಸ್ ಬುಕಿಂಗ್", "ಗ್ಯಾಸ್ ಏಜೆನ್ಸಿ" ಅಂತ ಫೋನಿನಲ್ಲಿ ಉಳಿಸಿಕೊಳ್ಳಿ.

ಬುಕಿಂಗ್ ನಂಬರ್‌ಗಳನ್ನು ನಾನು ಈ ಪತ್ರದಲ್ಲಿ ಬೇಕೆಂದೇ ಬರೆದಿಲ್ಲ. ಇಂಥ ಪತ್ರಗಳು ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವಾಗ ಯಾರಾದರೂ ನಂಬರ್ ಬದಲಿಸಿ ಕಳಿಸಿದರೆ, ನನ್ನ ಹೆಸರಲ್ಲೇ ನಿಮಗೆ ಮೋಸವಾಗುತ್ತದೆ. ಗೂಗಲ್‌ನಲ್ಲಿ ಹುಡುಕುವುದೂ ಬೇಡ. ಗ್ಯಾಸ್ ಕಸ್ಟಮರ್ ಕೇರ್ ಅಂತ ಸುಳ್ಳು ನಂಬರ್ ಹಾಕಿಟ್ಟು, ನೀವೇ ಕರೆ ಮಾಡಲಿ ಅಂತ ಕಾಯುವವರೂ ಇದ್ದಾರೆ. ಹಾಗೆ ನೀವೇ ಕರೆ ಮಾಡಿದಾಗ ಅನುಮಾನ ಇನ್ನೂ ಕಡಿಮೆ ಇರುತ್ತದೆ.

ಹಂತ 1: ಫೋನ್ ಇಡಿ, ಪುಸ್ತಕ ತೆಗೆಯಿರಿ

ಗ್ಯಾಸ್ ವಿಷಯ ಅಂತ ಯಾರೇ ಕರೆ ಮಾಡಿದರೂ, "ನಾನೇ ಏಜೆನ್ಸಿಗೆ ಫೋನ್ ಮಾಡ್ತೀನಿ" ಎಂದು ಹೇಳಿ ಇಟ್ಟುಬಿಡಿ. ವಾದ ಬೇಡ, ಪ್ರಶ್ನೆ ಕೇಳಿ ಪರೀಕ್ಷೆ ಮಾಡುವುದೂ ಬೇಡ. ಅವರಿಗೆ ಮಾತೇ ಬಂಡವಾಳ. ಮಾತು ಬೆಳೆದಷ್ಟೂ ನಿಮ್ಮನ್ನು ಒಪ್ಪಿಸುತ್ತಾ ಹೋಗುತ್ತಾರೆ.

ಆಮೇಲೆ ಪುಸ್ತಕದಲ್ಲಿರುವ ನಂಬರಿಗೆ ನೀವೇ ಕರೆ ಮಾಡಿ, ಇಲ್ಲವೇ ಕಂಪನಿಯ ಆ್ಯಪ್ ತೆರೆದು ಬುಕಿಂಗ್ ಯಾವ ಸ್ಥಿತಿಯಲ್ಲಿದೆ ನೋಡಿ. ಇಂಡೇನ್‌ನವರಿಗೆ IndianOil ONE, ಭಾರತ್ ಗ್ಯಾಸ್‌ನವರಿಗೆ HelloBPCL, ಎಚ್‌ಪಿ ಗ್ಯಾಸ್‌ನವರಿಗೆ HP PAY. ಮೂರನ್ನೂ ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರ್‌ನಿಂದ ಮಾತ್ರ ಹಾಕಿಕೊಳ್ಳಬೇಕು. ಏನಾದರೂ ನಿಜವಾಗಿ ಬಾಕಿ ಇದ್ದರೆ ಏಜೆನ್ಸಿಯವರೇ ಹೇಳುತ್ತಾರೆ. ಕರೆ ಇಟ್ಟ ಮಾತ್ರಕ್ಕೆ ಯಾರ ಕನೆಕ್ಷನ್ನೂ ಹೋಗುವುದಿಲ್ಲ.

"ನನ್ನ ಹೆಸರು, ವಿಳಾಸ ಎಲ್ಲಾ ಸರಿಯಾಗಿ ಹೇಳಿದ" ಎಂಬುದು ಸಾಕ್ಷಿಯಲ್ಲ. ನಾವು ಒಣ ಕಸಕ್ಕೆ ಹಾಕುವ ಗ್ಯಾಸ್ ಬಿಲ್ಲಿನಲ್ಲೇ ಹೆಸರು, ವಿಳಾಸ, ಗ್ರಾಹಕ ಸಂಖ್ಯೆ ಇರುತ್ತವೆ. ಪಾರ್ಸೆಲ್ ಡಬ್ಬಗಳ ಮೇಲಂತೂ ಎಲ್ಲವೂ ಇರುತ್ತದೆ. ಹರಿದು ಹಾಕಿ. ಇನ್ನು, "ಬುಕ್ ಮಾಡಿದ ಮರುದಿನವೇ ಕರೆ ಬಂತಲ್ಲ" ಎಂದು ಹಲವರು ಕೇಳುತ್ತಾರೆ. ಹಗಲೆಲ್ಲ ನೂರಾರು ಮನೆಗೆ ಕರೆ ಮಾಡುವವನಿಗೆ, ಆ ವಾರ ಬುಕ್ ಮಾಡಿದ ಕೆಲವರು ಸಿಕ್ಕೇ ಸಿಗುತ್ತಾರೆ. ಮಿಕ್ಕವರು ಫೋನ್ ಇಟ್ಟರೂ ಅವನಿಗೆ ನಷ್ಟವಿಲ್ಲ.

ಹಂತ 2: ಗ್ಯಾಸ್ ಕೋಡ್ ಯಾವುದು, ಬ್ಯಾಂಕ್ ಓಟಿಪಿ ಯಾವುದು

ಜಾಸ್ತಿ ಗೊಂದಲ ಇರುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ಓದಿ.

ಸಿಲಿಂಡರ್‌ಗೆ ಬಿಲ್ ಆದಾಗ ನಿಮ್ಮ ಮೊಬೈಲ್‌ಗೆ ಒಂದು ಕೋಡ್ ಬರುತ್ತದೆ. ಅದನ್ನು ಡಿಎಸಿ ಅನ್ನುತ್ತಾರೆ. ಸಿಲಿಂಡರ್ ಸರಿಯಾದ ಮನೆಗೆ ತಲುಪಿತು ಎಂದು ಖಾತ್ರಿ ಮಾಡಿಕೊಳ್ಳುವ ಸಂಖ್ಯೆ ಅದು. ನಿಮ್ಮ ಹೆಸರಿನ ಸಿಲಿಂಡರನ್ನು ಬೇರೆಯವರಿಗೆ ಮಾರಿ, ಲೆಕ್ಕದಲ್ಲಿ "ಕೊಟ್ಟಾಯಿತು" ಎಂದು ಬರೆಯದಿರಲಿ ಅಂತಲೇ ಇದನ್ನು ತಂದದ್ದು. ಅಂದರೆ ಆ ಕೋಡ್ ಒಂದು ರೀತಿ ನಿಮ್ಮ ಸಹಿ. ಸಾಮಾನು ಕೈಗೆ ಬಂದ ಮೇಲೆ ತಾನೇ ಸಹಿ ಹಾಕುವುದು?

ಆದ್ದರಿಂದ ಡಿಎಸಿ ಹೇಳಬೇಕಾದ್ದು ಸಿಲಿಂಡರ್ ಬಾಗಿಲಿಗೆ ಬಂದ ಮೇಲೆ, ತಂದವರ ಎದುರಲ್ಲಿ. ಮೊದಲು ಸೀಲ್ ನೋಡಿ, ತೂಕ ನೋಡಬೇಕಿದ್ದರೆ ನೋಡಿ, ಆಮೇಲೆ ಕೋಡ್ ಹೇಳಿ. "ಗಾಡಿ ಹೊರಡೋದಕ್ಕೆ ಮೊದಲೇ ಕೋಡ್ ಬೇಕು", "ಕೋಡ್ ಹೇಳಿದ್ರೆ ನಿಮ್ದು ಮೊದಲು ಕಳಿಸ್ತೀವಿ" ಎಂದು ಫೋನಿನಲ್ಲಿ ಕೇಳಿದರೆ ಹೇಳಬೇಡಿ. ಆ ಕೋಡ್‌ನಿಂದ ಬ್ಯಾಂಕಿನ ಹಣ ಹೋಗುವುದಿಲ್ಲ ನಿಜ. ಆದರೆ ಸಿಲಿಂಡರ್ ಬಾರದೆಯೂ ಬಂದಂತೆ ದಾಖಲಾಗಬಹುದು.

ಈಗ ಮೋಸಗಾರ ಏನು ಮಾಡುತ್ತಾನೆ ನೋಡಿ. ಅವನು ನಿಮ್ಮ ಕಾರ್ಡಿನಿಂದಲೋ, ನಿಮ್ಮ ವಾಟ್ಸಾಪ್ ಖಾತೆಗೋ ಒಂದು ಓಟಿಪಿ ಬರುವಂತೆ ಮಾಡುತ್ತಾನೆ. "ಈಗ ಒಂದು ಗ್ಯಾಸ್ ಕೋಡ್ ಬಂತಲ್ಲ, ಅದನ್ನ ಹೇಳಿ" ಅನ್ನುತ್ತಾನೆ. ಫೋನ್ ಕಿವಿಯಲ್ಲಿ ಇಟ್ಟುಕೊಂಡೇ ನಾವು ಪರದೆಯ ಮೇಲ್ಭಾಗದಲ್ಲಿ ಮಿಂಚಿ ಹೋಗುವ ಅಂಕಿಯನ್ನಷ್ಟೇ ನೋಡಿ ಓದಿಬಿಡುತ್ತೇವೆ. ಸಂದೇಶ ಪೂರ್ತಿ ಓದುವುದೇ ಇಲ್ಲ.

ಅಂಕಿ ನೋಡಬೇಡಿ, ಅದರ ಅಕ್ಕಪಕ್ಕದ ಮಾತು ನೋಡಿ. ಸಂದೇಶದಲ್ಲಿ ಬ್ಯಾಂಕಿನ ಹೆಸರೋ, ಕಾರ್ಡಿನ ಕೊನೆಯ ಅಂಕಿಗಳೋ, ಲಾಗಿನ್ ಅಥವಾ ವಾಟ್ಸಾಪ್ ಎಂಬ ಪದವೋ ಇದ್ದರೆ ಅದು ಗ್ಯಾಸ್ ಕೋಡ್ ಅಲ್ಲ. ಇಂಗ್ಲಿಷ್ ಓದಲು ಕಷ್ಟವಾಗುವ ಹಿರಿಯರಿಗೆ ಇನ್ನೂ ಸುಲಭದ ಗುರುತು ಹೇಳಿಕೊಡಿ: ಕಣ್ಣೆದುರು ಸಿಲಿಂಡರ್ ಇಲ್ಲದಿದ್ದರೆ ಯಾವ ಅಂಕಿಯನ್ನೂ ಹೇಳುವುದಿಲ್ಲ.

ನೀವು ಕೆಲಸಕ್ಕೆ ಹೋದಾಗ ಸಿಲಿಂಡರ್ ಬರುವುದಿದ್ದರೆ, ಕೋಡನ್ನು ಮನೆಯಲ್ಲಿರುವವರಿಗೆ ಕಳಿಸಿ. ಸೆಕ್ಯುರಿಟಿ ಬಳಿ ಚೀಟಿಯಲ್ಲಿ ಬರೆದಿಟ್ಟು ಹೋಗುವ ಅಭ್ಯಾಸ ನಮ್ಮಲ್ಲಿ ಕೆಲವರಿಗಿದೆ. ಅದನ್ನು ನಿಲ್ಲಿಸಿ.

ಹಂತ 3: ಇಕೆವೈಸಿ ನಿಜವಾಗಿ ಹೇಗೆ ನಡೆಯುತ್ತದೆ

ಇಕೆವೈಸಿ ಅಂದರೆ ಕನೆಕ್ಷನ್ ಯಾರ ಹೆಸರಲ್ಲಿದೆಯೋ ಅವರೇ ಗ್ರಾಹಕರು ಎಂದು ಆಧಾರ್ ಮೂಲಕ ಖಚಿತ ಮಾಡಿಕೊಳ್ಳುವುದು. ಇದು ನಿಜವಾಗಿ ಇರುವ ಕೆಲಸ. ಅದಕ್ಕೇ ಮೋಸಗಾರರಿಗೂ ಇದೇ ಹೆಸರು ಇಷ್ಟ.

ಆದರೆ ಇದಕ್ಕೆ ನಿಮ್ಮ ಬೆರಳು ಅಥವಾ ಮುಖ ಬೇಕು. ಏಜೆನ್ಸಿಯಲ್ಲಿ ಬೆರಳಚ್ಚು ಕೊಡಬಹುದು. ಸಿಲಿಂಡರ್ ತರುವವರ ಮೊಬೈಲ್‌ನಲ್ಲೇ ಮಾಡಿಸಬಹುದು. ಅಥವಾ ಮೇಲೆ ಹೇಳಿದ ಕಂಪನಿ ಆ್ಯಪ್‌ನಲ್ಲಿ, Aadhaar FaceRD ಎಂಬ ಆಧಾರ್ ಇಲಾಖೆಯ ಆ್ಯಪ್ ಜೊತೆಗೆ ಮುಖ ತೋರಿಸಿ ನೀವೇ ಮುಗಿಸಬಹುದು. ಫೋನ್ ಕರೆಯಲ್ಲಿ ಮುಖವೂ ಇಲ್ಲ, ಬೆರಳೂ ಇಲ್ಲ. ಹಾಗಾಗಿ ಮಾತಿನಲ್ಲಿ ಇಕೆವೈಸಿ ಮುಗಿಸುವುದು ಸಾಧ್ಯವೇ ಇಲ್ಲ. ಇದಕ್ಕೆ ಶುಲ್ಕವೂ ಇಲ್ಲ. "ಹತ್ತೇ ರೂಪಾಯಿ", "ಒಂದೇ ರೂಪಾಯಿ" ಎಂದು ಕೇಳಿದರೆ, ಅವರಿಗೆ ಬೇಕಿರುವುದು ಆ ರೂಪಾಯಿ ಅಲ್ಲ. ಅದನ್ನು ಕಟ್ಟುವಾಗ ನೀವು ತುಂಬುವ ಕಾರ್ಡಿನ ವಿವರ ಅಥವಾ ಪಿನ್.

ಕನೆಕ್ಷನ್ ತೀರಿಕೊಂಡವರ ಹೆಸರಲ್ಲೇ ಉಳಿದಿರುವ ಮನೆಗಳೂ ನಮ್ಮಲ್ಲಿವೆ. ಅಂಥವರು ಇಕೆವೈಸಿ ಎಂದರೆ ಬೇಗ ಹೆದರುತ್ತಾರೆ. ದಯವಿಟ್ಟು ಏಜೆನ್ಸಿಗೆ ಹೋಗಿ ಹೆಸರು ಬದಲಾಯಿಸಿಕೊಳ್ಳಿ. ದಾಖಲೆ ಸರಿಯಿದ್ದರೆ ಹೆದರಿಸುವವನಿಗೆ ಹಿಡಿಯಲು ಏನೂ ಸಿಗುವುದಿಲ್ಲ.

ಹಂತ 4: ಫೈಲ್, ಲಿಂಕ್ ಬಂದರೆ

ಹೆಸರಿನ ಕೊನೆಯಲ್ಲಿ .apk ಎಂದಿರುವ ಫೈಲ್ ಆಂಡ್ರಾಯ್ಡ್ ಫೋನಿಗೆ ಆ್ಯಪ್ ಹಾಕುವ ಫೈಲ್. ಅದು ಫೋಟೊ ಅಲ್ಲ, ಅರ್ಜಿಯೂ ಅಲ್ಲ. ಗ್ಯಾಸ್ ಕಂಪನಿಯ ಆ್ಯಪ್ ಬೇಕಾದರೆ ಪ್ಲೇ ಸ್ಟೋರ್ ಇದೆ. ವಾಟ್ಸಾಪ್‌ನಲ್ಲಿ .apk ಬಂತೆಂದರೆ ಅಲ್ಲಿಗೆ ಮಾತು ಮುಗಿಯಿತು. ಫೈಲ್ ಒತ್ತದೆ ಹಾಗೇ ಬಿಟ್ಟು, ಸ್ಕ್ರೀನ್‌ಶಾಟ್ ತೆಗೆದು, ನಂಬರನ್ನು ಬ್ಲಾಕ್ ಮಾಡಿ.

ಮುಂಜಾಗ್ರತೆಯಾಗಿ ಒಂದು ಸೆಟ್ಟಿಂಗ್ ನೋಡಿಕೊಳ್ಳಿ. ಫೋನಿನ ಸೆಟ್ಟಿಂಗ್ಸ್ ತೆರೆದು, ಮೇಲಿನ ಹುಡುಕಾಟದಲ್ಲಿ Install unknown apps ಎಂದು ಟೈಪ್ ಮಾಡಿ. ಬರುವ ಪಟ್ಟಿಯಲ್ಲಿ ವಾಟ್ಸಾಪ್, ಕ್ರೋಮ್, ಫೈಲ್ ಮ್ಯಾನೇಜರ್ ಎಲ್ಲಕ್ಕೂ ಅನುಮತಿ ಇಲ್ಲ ಎಂದಿರಬೇಕು. ಅಪ್ಪ ಅಮ್ಮನ ಫೋನಿನಲ್ಲಿ ನೀವೇ ಮಾಡಿಕೊಡಿ.

ಫೈಲ್ ಬೇಡ ಎಂದರೆ ಕೆಲವರು ಪರದೆ ಹಂಚುವ ಆ್ಯಪ್ ಹಾಕಲು ಹೇಳುತ್ತಾರೆ. ಅದು ಪ್ಲೇ ಸ್ಟೋರ್‌ನಲ್ಲೇ ಸಿಗುವ ಅಸಲಿ ಆ್ಯಪ್ ಆಗಿರುತ್ತದೆ. ಆದರೆ ನಿಮ್ಮ ಪರದೆ ಅವನಿಗೆ ಕಾಣುತ್ತದೆ. ಇನ್ನೊಂದು ಉಪಾಯ, *401* ಅಥವಾ *21* ಒತ್ತಿ ಮುಂದೆ ಒಂದು ನಂಬರ್ ಹಾಕಿ ಡಯಲ್ ಮಾಡಲು ಹೇಳುವುದು. ಅದು ಕಾಲ್ ಫಾರ್ವರ್ಡಿಂಗ್, ಅಂದರೆ ನಿಮಗೆ ಬರುವ ಕರೆಗಳನ್ನು ಅವನ ಫೋನಿಗೆ ತಿರುಗಿಸುವುದು. ಹೀಗೆ ಮಾಡಿಬಿಟ್ಟಿದ್ದೇವೇನೋ ಎಂಬ ಅನುಮಾನ ಇದ್ದರೆ *#21# ಡಯಲ್ ಮಾಡಿ ನೋಡಬಹುದು. ಎಲ್ಲಾ ಫಾರ್ವರ್ಡಿಂಗ್ ತೆಗೆಯಲು ##002# ಡಯಲ್ ಮಾಡಿ.

ಹಂತ 5: ಹಣ ಕಟ್ಟುವುದು, ಹಣ ಬರುವುದು

ಸಿಲಿಂಡರ್ ದುಡ್ಡನ್ನು ಕಂಪನಿ ಆ್ಯಪ್‌ನಲ್ಲಿ ಬುಕ್ ಮಾಡುವಾಗಲೇ ಕಟ್ಟಿ, ಇಲ್ಲವೇ ಸಿಲಿಂಡರ್ ಕೈಗೆ ಬಂದ ಮೇಲೆ ಬಿಲ್ಲಿನಲ್ಲಿ ಬರೆದಷ್ಟು ಕೊಡಿ. ಕರೆ ಮಾಡಿದವರು ಕಳಿಸುವ ಕ್ಯೂಆರ್ ಕೋಡ್‌ಗೆ ಬೇಡ.

"ಸಬ್ಸಿಡಿ ನಿಂತಿದೆ, ಹಳೇದೆಲ್ಲ ಸೇರಿಸಿ ಹಾಕ್ತೀವಿ, ಪಿನ್ ಒತ್ತಿ" ಎನ್ನುವ ಕರೆಯೂ ಬರುತ್ತಿದೆ. ಸಬ್ಸಿಡಿ ಇದ್ದರೆ ಅದು ನೇರವಾಗಿ ಬ್ಯಾಂಕ್ ಖಾತೆಗೆ ಬೀಳುತ್ತದೆ, ನೀವು ಏನೂ ಒತ್ತಬೇಕಿಲ್ಲ. ಯುಪಿಐ ಪಿನ್ ಹಾಕಿ ಹಣ ಪಡೆಯುವ ವ್ಯವಸ್ಥೆಯೇ ಇಲ್ಲ. ಹಣ ಕೊಡುವಾಗ ಪಿನ್ ಬೇಕು, ಪಡೆಯುವಾಗ ಬೇಡ.

ಹಂತ 6: ಹಣ ಹೋಗಿಬಿಟ್ಟಿದ್ದರೆ

ಇಲ್ಲಿ ನಾಚಿಕೆ, ಭಯ ಎರಡೂ ಬೇಡ. ಆ ಶಿಕ್ಷಕಿ ಸೊಸೆಗೆ ಹೇಳಲು ಹಿಂಜರಿದು ಸುಮ್ನೆ ಕೂತಿದ್ದರೆ ಎರಡನೇ ಕಂತೂ ಹೋಗುತ್ತಿತ್ತು. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾರುತ್ತಾ ಹೋಗುತ್ತದೆ. ಯಾವುದಾದರೂ ಖಾತೆಯಲ್ಲಿ ಇನ್ನೂ ಕೂತಿರುವಾಗಲೇ ತಡೆಯಬೇಕು. ಮಾಡಬೇಕಾದ ಕ್ರಮ ಹೀಗಿದೆ.

ಮೊದಲು, ಮೋಸವಾದ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ವೈಫೈ ಕೂಡ ಆರಿದೆಯೇ ನೋಡಿ. ಆಗ ಒಳಗಿನ ಆ್ಯಪ್‌ಗೆ ಏನನ್ನೂ ಹೊರಗೆ ಕಳಿಸಲು ಆಗುವುದಿಲ್ಲ. ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ಇನ್ನೂ ಒಳ್ಳೆಯದು. ಹಳೆಯ ಕೀಪ್ಯಾಡ್ ಫೋನ್ ಆದರೂ ಸಾಕು, ಬ್ಯಾಂಕಿನ ಸಂದೇಶಗಳು ಅಲ್ಲಿಗೆ ಬರುತ್ತವೆ.

ಕೂಡಲೇ ಬೇರೆ ಫೋನಿನಿಂದ 1930ಕ್ಕೆ ಕರೆ ಮಾಡಿ. ಇದು ಸೈಬರ್ ಹಣ ವಂಚನೆಗೆ ಇರುವ ರಾಷ್ಟ್ರೀಯ ಸಹಾಯವಾಣಿ. ಯಾವ ಬ್ಯಾಂಕ್, ಎಷ್ಟು ಹಣ, ಎಷ್ಟು ಹೊತ್ತಿಗೆ, ವ್ಯವಹಾರದ ಸಂಖ್ಯೆ ಏನು ಎಂದು ಕೇಳುತ್ತಾರೆ. ಯುಪಿಐ ಆದರೆ ಆ ಸಂಖ್ಯೆ 12 ಅಂಕಿಯದ್ದು, ಬ್ಯಾಂಕಿನ ಸಂದೇಶ ಅಥವಾ ಸ್ಟೇಟ್‌ಮೆಂಟ್‌ನಲ್ಲಿ ಇರುತ್ತದೆ. ಲೈನ್ ಸಿಗದಿದ್ದರೆ ಕಾಯುತ್ತಾ ಕೂರಬೇಡಿ, cybercrime.gov.in ನಲ್ಲಿ ದೂರು ತುಂಬಲು ಶುರು ಮಾಡಿ. ಮನೆಯಲ್ಲಿ ಇಬ್ಬರಿದ್ದರೆ ಒಬ್ಬರು ಅದನ್ನು ಮಾಡಲಿ, ಇನ್ನೊಬ್ಬರು ಬ್ಯಾಂಕಿಗೆ ಕರೆ ಮಾಡಿ ಕಾರ್ಡ್, ಯುಪಿಐ, ನೆಟ್‌ಬ್ಯಾಂಕಿಂಗ್ ನಿಲ್ಲಿಸಲು ಹೇಳಲಿ. ಬ್ಯಾಂಕಿನ ನಂಬರನ್ನು ಕಾರ್ಡಿನ ಹಿಂಭಾಗದಲ್ಲಿ ನೋಡಿ. ಗಾಬರಿಯಲ್ಲಿ ಗೂಗಲ್ ಮಾಡಿ ಎರಡನೇ ಮೋಸಗಾರನ ಕೈಗೆ ಬೀಳಬೇಡಿ.

ಬ್ಯಾಂಕಿಗೆ ಬೇಗ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ, ಗ್ರಾಹಕರೇ ತಮ್ಮ ಗುಟ್ಟಿನ ವಿವರ ಕೊಟ್ಟು ನಷ್ಟವಾದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದ್ದು. ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದ್ದು. ಹಾಗಾಗಿ ದೂರಿನ ಸಂಖ್ಯೆ ಮತ್ತು ಹೇಳಿದ ಹೊತ್ತನ್ನು ಬರೆದಿಟ್ಟುಕೊಳ್ಳಿ.

ಈ ಹೊತ್ತಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಸಿಟ್ಟಿಗೆ ವಾಟ್ಸಾಪ್ ಮಾತುಕತೆಯನ್ನೂ ಕರೆಯ ದಾಖಲೆಯನ್ನೂ ಅಳಿಸಿಹಾಕುತ್ತಾರೆ. ಅದೇ ಸಾಕ್ಷಿ. ಇನ್ನೊಂದು ಫೋನಿನಿಂದ ಆ ಪರದೆಗಳ ಫೋಟೊ ತೆಗೆದಿಟ್ಟುಕೊಳ್ಳಿ. ದೂರು ಮುಗಿದ ಮೇಲೆ ಫೋನನ್ನು ಪೂರ್ತಿ ರೀಸೆಟ್ ಮಾಡಿಸಿ. ಆ್ಯಪ್ ಒಂದನ್ನೇ ತೆಗೆದರೆ ಸಾಲದು, ಕೆಲವು ತಮ್ಮ ಚಿಹ್ನೆ ಮುಚ್ಚಿಟ್ಟುಕೊಂಡು ಒಳಗೇ ಉಳಿಯುತ್ತವೆ. ಪಾಸ್‌ವರ್ಡ್ ಮತ್ತು ಪಿನ್‌ಗಳನ್ನು ಬೇರೆ ಫೋನಿನಿಂದ ಬದಲಿಸಿ.

ಕೆಲವು ದಿನ ಕಳೆದು "ಸೈಬರ್ ಪೊಲೀಸ್, ನಿಮ್ಮ ಹಣ ಸಿಕ್ಕಿದೆ, ಬಿಡಿಸಲು ಶುಲ್ಕ ಕಟ್ಟಿ" ಎಂಬ ಕರೆ ಬರಬಹುದು. ಆ ಶಿಕ್ಷಕಿಗೂ ಬಂತು. ಅದೂ ಮೋಸವೇ. ದೂರಿನ ಸ್ಥಿತಿಯನ್ನು ನೀವೇ cybercrime.gov.in ನಲ್ಲಿ ನೋಡಿಕೊಳ್ಳಬಹುದು.

ಹಣ ಹೋಗಿಲ್ಲ, ಸುಮ್ನೆ ಅಂಥ ಕರೆ ಬಂತು ಅಷ್ಟೇ ಅಂದರೂ sancharsaathi.gov.in ನಲ್ಲಿ ಚಕ್ಷು ಎಂಬ ವಿಭಾಗದಲ್ಲಿ ಆ ನಂಬರ್ ತಿಳಿಸಿ. 1906ಕ್ಕೆ ಮಾತ್ರ ಇದಕ್ಕಾಗಿ ಕರೆ ಮಾಡಬೇಡಿ. ಅದು ಗ್ಯಾಸ್ ಸೋರಿಕೆಯ ತುರ್ತು ಸಹಾಯವಾಣಿ, ಗ್ಯಾಸ್ ಸೋರುತ್ತಿರುವ ಮನೆಯವರಿಗೆ ಬಿಡುವಾಗಿರಲಿ.

ಸಂಘದ ಕಡೆಯಿಂದ

ಗೇಟಿನಲ್ಲಿ ಸೆಕ್ಯುರಿಟಿಯವರಿಗೆ ಹೇಳಿದ್ದೇವೆ: ಗ್ಯಾಸ್ ಏಜೆನ್ಸಿ ಎಂದು ಇಂಟರ್‌ಕಾಮ್‌ಗೋ ಗೇಟಿನ ಮೊಬೈಲ್‌ಗೋ ಕರೆ ಬಂದರೆ ಯಾರ ಹೆಸರನ್ನೂ, ಫ್ಲಾಟ್ ನಂಬರನ್ನೂ, ಮೊಬೈಲನ್ನೂ ಕೊಡಬಾರದು. ಸಂದರ್ಶಕರ ಪುಸ್ತಕ ಇನ್ನು ಮುಂದೆ ಮೇಜಿನ ಮೇಲೆ ತೆರೆದಿರುವುದಿಲ್ಲ. ಸಂಘದಿಂದ ಗ್ಯಾಸ್ ವಿಷಯಕ್ಕೆ ನಾವು ಯಾರಿಗೂ ಕರೆ ಮಾಡುವುದಿಲ್ಲ, ಲಿಂಕ್ ಕಳಿಸುವುದಿಲ್ಲ. ನನ್ನ ಹೆಸರಲ್ಲಿ ಬಂದರೂ ನಂಬಬೇಡಿ, ಕಚೇರಿಗೆ ಬಂದು ಕೇಳಿ.

ಈ ಶನಿವಾರ ಮತ್ತು ಬರುವ ಶನಿವಾರ ಸಂಜೆ ಐದರಿಂದ ಏಳರವರೆಗೆ ಕಚೇರಿಯಲ್ಲಿ ಇರುತ್ತೇನೆ. ಫೋನ್ ಮತ್ತು ಗ್ಯಾಸ್ ಪುಸ್ತಕ ತಂದರೆ ನಂಬರ್ ಉಳಿಸಿಕೊಡುತ್ತೇನೆ, ಹಂತ 4ರ ಸೆಟ್ಟಿಂಗ್ ನೋಡಿಕೊಡುತ್ತೇನೆ. ಪಿನ್, ಪಾಸ್‌ವರ್ಡ್ ನನಗೂ ಹೇಳಬೇಡಿ. ಮೆಟ್ಟಿಲು ಇಳಿದು ಬರಲು ಆಗದ ಹಿರಿಯರು ಸೆಕ್ಯುರಿಟಿಗೆ ತಿಳಿಸಿ, ನಾನೇ ಮನೆಗೆ ಬರುತ್ತೇನೆ.

ನಿಮ್ಮ,
ಕಾರ್ಯದರ್ಶಿ, ನಿವಾಸಿಗಳ ಸಂಘ